ಅಪ್‌ಡೇಟ್ ಅರ್ಧಕ್ಕೆ ನಿಂತರೆ: ಸರ್ವಿಸ್ ಸೆಂಟರ್‌ಗೆ ಹೋಗುವ ಮುಂಚೆ

"ಸರ್, ನನ್ನದು 64 ಜಿಬಿ ಆಂಡ್ರಾಯ್ಡ್ ಫೋನು, ಮೂರು ವರ್ಷ ಹಳೆಯದು. ಅಪ್‌ಡೇಟ್ ಬಂದು ಹದಿನೈದು ದಿನ ಆಯ್ತು. ಮೊದಲು ಜಾಗ ಇಲ್ಲ ಅಂತು. ಗ್ಯಾಲರಿಯಿಂದ ರಾಶಿ ವಿಡಿಯೋ ಡಿಲೀಟ್ ಮಾಡಿದೆ, ಆದ್ರೂ ಜಾಗ ಜಾಸ್ತಿ ಆಗ್ಲೇ ಇಲ್ಲ. ಹೇಗೋ ಡೌನ್‌ಲೋಡ್ ಆಯ್ತು, ಈಗ ಇನ್‌ಸ್ಟಾಲ್ ಆಗುವಾಗ ಮಧ್ಯದಲ್ಲಿ ನಿಂತುಬಿಡುತ್ತೆ. ಒಂದು ಸಲ ಹೆದರಿ ಸ್ವಿಚ್ ಆಫ್ ಮಾಡಿದೆ. ಎಷ್ಟು ಚಾರ್ಜ್ ಇರಬೇಕು ಅಂತಲೂ ಗೊತ್ತಿಲ್ಲ. ಸರ್ವಿಸ್ ಸೆಂಟರ್ ನಮ್ಮೂರಿಂದ 60 ಕಿಲೋಮೀಟರ್. ಹೋಗಲೇಬೇಕಾ?"

ಈಗಲೇ ಬಸ್ ಹತ್ತಬೇಡಿ. ನಮ್ಮ ಅಂಗಡಿಗೆ ಇದೇ ದೂರು ಹೊತ್ತು ಬರುವ ಫೋನುಗಳಲ್ಲಿ ಹೆಚ್ಚಿನವು ಬಿಚ್ಚದೆಯೇ ಸರಿಹೋಗುತ್ತವೆ. ಆದರೆ ಮೊದಲು ನೀವು ಒಂದು ವಿಷಯ ನೆನಪು ಮಾಡಿಕೊಳ್ಳಬೇಕು. ಫೋನು ನಿಂತಾಗ ಸ್ಕ್ರೀನಿನ ಮೇಲೆ ಏನಿತ್ತು? ಮಾಮೂಲಿನ ಹಾಗೆ ವಾಟ್ಸಾಪ್ ನೋಡಲು, ಕಾಲ್ ಮಾಡಲು ಆಗುತ್ತಿತ್ತಾ? ಅಥವಾ ಕಪ್ಪು ಸ್ಕ್ರೀನು, ಒಂದು ಗೆರೆ, ಅದರ ಕೆಳಗೆ ಪರ್ಸೆಂಟ್, ಅಷ್ಟೇ ಇತ್ತಾ?

ಇದನ್ನು ಕೇಳಲು ಕಾರಣ ಇದೆ. ಆಂಡ್ರಾಯ್ಡ್ ಫೋನುಗಳು ಅಪ್‌ಡೇಟ್ ಹಾಕಿಕೊಳ್ಳುವ ರೀತಿ ಎರಡು. ಹಳೆಯ ರೀತಿಯಲ್ಲಿ ಫೋನು ಫೈಲನ್ನು ಇಳಿಸಿಕೊಂಡು, ರೀಸ್ಟಾರ್ಟ್ ಆಗಿ, ಓಡುತ್ತಿದ್ದ ಸಾಫ್ಟ್‌ವೇರಿನ ಮೇಲೆಯೇ ಹೊಸದನ್ನು ಬರೆಯುತ್ತದೆ. ಆ ಹೊತ್ತಿನಲ್ಲಿ ಫೋನು ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಮನೆಯ ಹಳೆಯ ಹೆಂಚು ತೆಗೆದು ಹೊಸದು ಹೊದಿಸುವ ಹಾಗೆ, ಮಧ್ಯದಲ್ಲಿ ಮಳೆ ಬಂದರೆ ಕಷ್ಟ. ಹೊಸ ರೀತಿ 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ಬಂತು. ಇದರಲ್ಲಿ ಸಾಫ್ಟ್‌ವೇರಿಗೆ ಎರಡು ಮನೆ. ನೀವು ಒಂದರಲ್ಲಿ ವಾಸ ಮಾಡುತ್ತಿರುವಾಗಲೇ ಪಕ್ಕದ್ದರಲ್ಲಿ ಹೊಸದು ಕಟ್ಟುತ್ತಾ ಹೋಗುತ್ತದೆ. ಕೊನೆಗೆ ರೀಸ್ಟಾರ್ಟ್ ಮಾಡಿದಾಗ ಆ ಮನೆಗೆ ಹೋಗುತ್ತೀರಿ. ಅಲ್ಲಿ ಏನೋ ಸರಿಯಿಲ್ಲ, ಶುರುವಾಗುತ್ತಿಲ್ಲ ಅಂದರೆ ಫೋನು ತಾನಾಗಿ ಹಳೆಯ ಮನೆಗೆ ವಾಪಸ್ ಬರುತ್ತದೆ. ಎಲ್ಲ ಕಂಪನಿಗಳೂ ಇದಕ್ಕೆ ಬೇಗ ಬರಲಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನುಗಳಲ್ಲಿ ಇದು 2024ರ ಎ55 ಮಾಡೆಲ್ಲಿನಿಂದ ಶುರುವಾಯಿತು. ಹಾಗಾಗಿ ಮೂರ್ನಾಲ್ಕು ವರ್ಷದ ಫೋನು ಎರಡರಲ್ಲಿ ಯಾವುದಾದರೂ ಆಗಿರಬಹುದು.

ಪರ್ಸೆಂಟ್ ಓಡುತ್ತಿರುವಾಗಲೂ ಫೋನು ಬಳಸಲು ಆಗುತ್ತಿತ್ತು ಅಂದರೆ ನಿಮ್ಮದು ಹೊಸ ರೀತಿಯದು. ಆಫ್ ಮಾಡಿದ್ದರಿಂದ ಏನೂ ಕೆಟ್ಟಿಲ್ಲ, ನಿಶ್ಚಿಂತೆಯಾಗಿರಿ. ಬಳಸಲು ಆಗದ ಕಪ್ಪು ಸ್ಕ್ರೀನಿನಲ್ಲಿ ನಿಂತಿತ್ತು ಅಂದರೆ ಹಳೆಯ ರೀತಿ. ಆಫ್ ಮಾಡಿದ ಮೇಲೂ ಫೋನು ಆನ್ ಆಗಿದೆಯಲ್ಲ, ಅದೃಷ್ಟ. ಇನ್ನೊಂದು ಸಲ ಹಾಗೆ ಮಾಡಬೇಡಿ.

ಇನ್ನು "ನಿಂತುಬಿಡುತ್ತೆ" ಅನ್ನುವುದು. ಎಷ್ಟೋ ಸಲ ಫೋನು ನಿಂತೇ ಇರುವುದಿಲ್ಲ. ಪರ್ಸೆಂಟ್ ತೋರಿಸುವ ಗೆರೆ ಬಸ್ಸಿನ ಮೀಟರಿನ ಹಾಗೆ ಸಮನಾಗಿ ಓಡುವುದಿಲ್ಲ. ಹತ್ತು ನಿಮಿಷಕ್ಕೆ 40 ಆಗಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರುವುದು ಉಂಟು. ಹೊಸ ರೀತಿಯ ಫೋನುಗಳಲ್ಲಿ ಫೈಲು ಬರೆದು ಮುಗಿದ ಮೇಲೆ ನಿಮ್ಮ ಒಂದೊಂದು ಆಪನ್ನೂ ಹೊಸ ಸಾಫ್ಟ್‌ವೇರಿಗೆ ಹೊಂದಿಸುವ ಕೆಲಸ ಇರುತ್ತದೆ. ಸ್ಕ್ರೀನಿನಲ್ಲಿ "Optimizing" ಅಂತ ಕಾಣಿಸುವುದು ಇದೇ. ನೂರಿಪ್ಪತ್ತು ಆಪ್ ಇರುವ ಹಳೆಯ ಫೋನಿನಲ್ಲಿ ಇದು ಗಂಟೆ ದಾಟಬಹುದು. ಫೋನು ಬಳಸಲು ಆಗುತ್ತಿದ್ದರೆ ಅದನ್ನು ಚಾರ್ಜಿಗೆ ಹಾಕಿ, ಸ್ಕ್ರೀನ್ ಆಫ್ ಮಾಡಿ ಮಲಗಿಬಿಡಿ. ಬೆಳಿಗ್ಗೆ ನೋಡಿ. ಕಪ್ಪು ಸ್ಕ್ರೀನಿನಲ್ಲಿ ಒಂದೇ ಪರ್ಸೆಂಟ್ ನಿಂತಿದ್ದರೆ ಚಾರ್ಜರ್ ಹಾಕಿ ಎರಡು ಗಂಟೆ ಕಾಯಿರಿ ಅಂತ ನಾನು ಹೇಳುತ್ತೇನೆ. ಆ ಎರಡು ಗಂಟೆಯಲ್ಲಿ ಫೋನಿನ ಬೆನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಒಳಗೆ ಕೆಲಸ ನಡೆಯುತ್ತಿರಬಹುದು. ತಣ್ಣಗಾಗಿ, ಗೆರೆಯೂ ಕದಲದೆ ಇದ್ದರೆ ನಿಜವಾಗಿ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ. ಚಾರ್ಜಿನಲ್ಲಿ ಇಟ್ಟರೂ ಫೋನು ಸ್ವಲ್ಪ ಬಿಸಿಯಾಗುತ್ತದೆ, ಹಾಗಾಗಿ ಇದನ್ನೊಂದನ್ನೇ ನಂಬಬೇಡಿ. ಎರಡು ಗಂಟೆ ಮಾತ್ರ ಪೂರ್ತಿ ಕೊಡಿ.

ಈಗ ಜಾಗದ ವಿಷಯಕ್ಕೆ ಬರೋಣ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಅಪ್‌ಡೇಟ್ 2.5 ಜಿಬಿ ಅಂತ ಫೋನು ತೋರಿಸಿದರೆ ಅದು ಡೌನ್‌ಲೋಡ್ ಆಗುವ ಫೈಲಿನ ಅಳತೆ ಮಾತ್ರ. ಆ ಫೈಲು ಮಡಿಸಿಟ್ಟ ಹಾಸಿಗೆ ಇದ್ದ ಹಾಗೆ. ಬಿಡಿಸಿದಾಗ ಇನ್ನಷ್ಟು ಜಾಗ ಬೇಕು. ಆಂಡ್ರಾಯ್ಡ್ 11ರ ನಂತರ ಬಂದ ಎಷ್ಟೋ ಫೋನುಗಳಲ್ಲಿ ಆ ಎರಡನೆಯ ಮನೆ ಪೂರ್ತಿ ಬೇರೆ ಇರುವುದಿಲ್ಲ. ಬದಲಾಗುವ ಭಾಗಗಳನ್ನು ನಿಮ್ಮ ಫೋಟೋ, ವಿಡಿಯೋ ಇರುವ ಜಾಗದಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಆಗಿ ಎಲ್ಲ ಸರಿ ಅಂತ ಖಾತ್ರಿ ಆದ ಮೇಲೆ ಅದನ್ನು ಬಿಟ್ಟುಕೊಡುತ್ತದೆ. ಡೌನ್‌ಲೋಡಿಗೆ ಸಾಕಾಗಿದ್ದ ಜಾಗ ಇನ್‌ಸ್ಟಾಲಿಗೆ ಸಾಲದೇ ಹೋಗುವುದು ಹೀಗೆ. ದೊಡ್ಡ ಅಪ್‌ಡೇಟ್ ಅಂದರೆ ಆಂಡ್ರಾಯ್ಡಿನ ನಂಬರೇ ಬದಲಾಗುವಂಥದ್ದಕ್ಕೆ 8ರಿಂದ 10 ಜಿಬಿ ಖಾಲಿ ಇರಲಿ ಅನ್ನುವುದು ನನ್ನ ಲೆಕ್ಕ. ತಿಂಗಳು ತಿಂಗಳು ಬರುವ ಸೆಕ್ಯುರಿಟಿ ಅಪ್‌ಡೇಟಿಗೆ 3 ಜಿಬಿ ಸಾಕು. ಮೆಮೊರಿ ಕಾರ್ಡಿನಲ್ಲಿ ಎಷ್ಟೇ ಖಾಲಿ ಇದ್ದರೂ ಇದಕ್ಕೆ ಲೆಕ್ಕಕ್ಕಿಲ್ಲ, ಫೋನಿನ ಒಳಗಿನ ಜಾಗವೇ ಬೇಕು.

ಹೋದ ತಿಂಗಳು ಅಂಗನವಾಡಿ ಟೀಚರ್ ಒಬ್ಬರು ಬಂದಿದ್ದರು. ಅವರದ್ದೂ 64 ಜಿಬಿ ಫೋನು, ಅವರ ದೂರೂ ನಿಮ್ಮದೇ. ಖಾಲಿ ಇದ್ದದ್ದು 2.1 ಜಿಬಿ. "ನಿನ್ನೆ ರಾತ್ರಿ ಕೂತು ಮುನ್ನೂರು ವಿಡಿಯೋ ಡಿಲೀಟ್ ಮಾಡಿದ್ದೀನಿ ಅಣ್ಣ, ಒಂದು ಚೂರೂ ಜಾಗ ಆಗಿಲ್ಲ, ಈ ಫೋನೇ ಸರಿಯಿಲ್ಲ" ಅಂದರು. ಗ್ಯಾಲರಿ ತೆಗೆದು ಮೆನುವಿನಲ್ಲಿ "Trash" ಒತ್ತಿದೆ. ಮುನ್ನೂರೂ ಅಲ್ಲೇ ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ "29 days". ಗ್ಯಾಲರಿಯಲ್ಲಿ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ 30 ದಿನ ಈ ಕಸದ ಬುಟ್ಟಿಯಲ್ಲೇ ಇರುತ್ತದೆ, ಅಷ್ಟೂ ದಿನ ಜಾಗ ತಿನ್ನುತ್ತಲೇ ಇರುತ್ತದೆ. ಅವರ ಬುಟ್ಟಿಯಲ್ಲಿ ಇದ್ದದ್ದು 6 ಜಿಬಿಗೂ ಜಾಸ್ತಿ. ಖಾಲಿ ಮಾಡಿದ ಕೂಡಲೇ ಜಾಗ ಬಂತು. ನೀವೂ ಮೊದಲು ಇದನ್ನೇ ನೋಡಿ. ಗೂಗಲ್ ಫೋಟೋಸ್ ಆಪಿಗೆ ಅದರದ್ದೇ ಬುಟ್ಟಿ ಇದೆ, ಫೈಲ್ಸ್ ಆಪಿಗೆ ಇನ್ನೊಂದು. ಮೂರನ್ನೂ ತೆಗೆದು ನೋಡಬೇಕು.

ಗೂಗಲ್ ಫೋಟೋಸಿನಲ್ಲಿ ಮಾತ್ರ ಕೈ ಸ್ವಲ್ಪ ಬಿಗಿ ಇರಲಿ. ಫೋಟೋಗಳು ನಿಮ್ಮ ಗೂಗಲ್ ಅಕೌಂಟಿಗೆ ಬ್ಯಾಕಪ್ ಆಗುತ್ತಿದ್ದರೆ, ಆ ಆಪಿನಲ್ಲಿ ಡಿಲೀಟ್ ಒತ್ತಿದಾಗ ಬ್ಯಾಕಪ್ ಕೂಡ ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯಬೇಕು, ಅಕೌಂಟಿನಲ್ಲಿ ಉಳಿಯಬೇಕು ಅಂದರೆ "Free up space" ಅನ್ನುವುದನ್ನು ಬಳಸಿ. ಬ್ಯಾಕಪ್ ಆದದ್ದನ್ನು ಮಾತ್ರ ಅದು ತೆಗೆಯುತ್ತದೆ.

ಟೀಚರ ಫೋನಿನಲ್ಲಿ ಮುಂದಿನ ಗಂಟು ವಾಟ್ಸಾಪ್. ಆ ಆಪಿನ ಸೆಟ್ಟಿಂಗ್ಸಿನಲ್ಲಿ "Storage and data", ಅದರೊಳಗೆ "Manage storage" ತೆಗೆದರೆ ಯಾವ ಗ್ರೂಪು ಎಷ್ಟು ತಿಂದಿದೆ ಅಂತ ಪಟ್ಟಿ ಬರುತ್ತದೆ. ಅವರದ್ದರಲ್ಲಿ ಒಂದೇ ಗ್ರೂಪಿಗೆ 5 ಜಿಬಿ. ಬಹುಪಾಲು ಶುಭೋದಯ, ಹಬ್ಬದ ಶುಭಾಶಯದ ವಿಡಿಯೋಗಳು. ಚಾಟ್ ಹಾಗೇ ಉಳಿಸಿಕೊಂಡು ವಿಡಿಯೋಗಳನ್ನಷ್ಟೇ ಆರಿಸಿ ತೆಗೆದೆವು. ಗ್ಯಾಲರಿಯಿಂದ ತೆಗೆದ ಹಾಗಲ್ಲ, ಇಲ್ಲಿಂದ ತೆಗೆದರೆ ಜಾಗ ಆಗಲೇ ಬಿಡುಗಡೆ ಆಗುತ್ತದೆ.

ಇನ್ನೊಂದು ಗುಟ್ಟಿನ ಮೂಲೆ ಇದೆ, ಇದನ್ನು ನೋಡುವವರು ಕಡಿಮೆ. ವಾಟ್ಸಾಪ್ ನಿಮ್ಮ ಚಾಟುಗಳ ನಕಲನ್ನು ಫೋನಿನಲ್ಲೇ ದಿನಾ ಒಂದರಂತೆ ಇಟ್ಟುಕೊಳ್ಳುತ್ತದೆ, ಸುಮಾರು ಏಳು ದಿನದ್ದು ಇರುತ್ತದೆ. ಫೈಲ್ಸ್ ಆಪಿನಲ್ಲಿ ಈ ದಾರಿ ಹಿಡಿದು ಹೋಗಿ:

```
Android/media/com.whatsapp/WhatsApp/Databases
```

ಅಲ್ಲಿ msgstore ಅಂತ ಶುರುವಾಗುವ ಫೈಲುಗಳಿರುತ್ತವೆ. ಹೆಸರಿನಲ್ಲಿ ತಾರೀಖು ಇರುವವು ಹಿಂದಿನ ದಿನಗಳ ನಕಲು. ತಾರೀಖು ಇಲ್ಲದ್ದು ತೀರಾ ಈಚಿನದು, ಅದನ್ನು ಮುಟ್ಟಬೇಡಿ. ಟೀಚರ ಫೋನಿನಲ್ಲಿ ತಾರೀಖಿನ ಫೈಲು ಒಂದೊಂದೂ 500 ಎಂಬಿ ಮೇಲಿತ್ತು, ಆರು ಫೈಲಿಗೆ 3 ಜಿಬಿ ದಾಟಿತ್ತು. ಅವನ್ನು ತೆಗೆದೆವು. ಬುಟ್ಟಿಯ 6, ಗ್ರೂಪಿನ 5, ಇಲ್ಲಿಯ 3, ಮೊದಲಿದ್ದ 2. ಒಟ್ಟು 16 ಜಿಬಿ ಖಾಲಿ. ಒಂದು ಆಪನ್ನೂ ತೆಗೆಯಬೇಕಾಗಿ ಬರಲಿಲ್ಲ. ಅಂದ ಹಾಗೆ, ಅವರ ಮಗಳ ಬಾಲವಾಡಿಯ ಡ್ಯಾನ್ಸಿನ ವಿಡಿಯೋ ಬುಟ್ಟಿಯಲ್ಲಿ ಸಿಕ್ಕಿತು, ತಿಳಿಯದೆ ಡಿಲೀಟ್ ಮಾಡಿದ್ದರಂತೆ. ಅದಕ್ಕೇ ಬುಟ್ಟಿ ಖಾಲಿ ಮಾಡುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಜಾಗಕ್ಕಾಗಿ ಒಂದು ತಪ್ಪು ಮಾತ್ರ ಮಾಡಬೇಡಿ. ಆಪಿನ ಮಾಹಿತಿ ಪುಟದಲ್ಲಿ "Clear cache", "Clear data" ಅಂತ ಎರಡು ಇರುತ್ತವೆ. ಕೆಲವು ಫೋನುಗಳಲ್ಲಿ ಎರಡನೆಯದಕ್ಕೆ "Clear storage" ಅನ್ನುತ್ತಾರೆ. ಮೊದಲನೆಯದು ಒತ್ತಿದರೆ ಏನೂ ನಷ್ಟವಿಲ್ಲ. ಎರಡನೆಯದು ಒತ್ತಿದರೆ ಆಪು ಆಗ ತಾನೇ ಹಾಕಿದ ಹಾಗೆ ಆಗುತ್ತದೆ. ಬ್ಯಾಂಕಿನ ಆಪು, ವಾಟ್ಸಾಪಿನ ಮೇಲೆ ಅದನ್ನು ಒತ್ತಿ ಆಮೇಲೆ ಅಳುತ್ತಾ ಬಂದವರನ್ನು ನೋಡಿದ್ದೇನೆ.

ಚಾರ್ಜ್ ಎಷ್ಟಿರಬೇಕು? ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಫೋನು 20 ಪರ್ಸೆಂಟಿಗೆ ಒಪ್ಪುತ್ತವೆ, ಕೆಲವು 50 ಕೇಳುತ್ತವೆ. ಸಾಲದಿದ್ದರೆ ಸ್ಕ್ರೀನಿನಲ್ಲೇ ಹೇಳುತ್ತವೆ. ಆದರೆ ಮೂರು ವರ್ಷದ ಬ್ಯಾಟರಿಯ ಪರ್ಸೆಂಟನ್ನು ನಾನು ಪೂರ್ತಿ ನಂಬುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಫೋನು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಸೊರಗಿದ ಬ್ಯಾಟರಿ ಅದನ್ನು ತಡೆಯಲಾರದೆ 30 ತೋರಿಸುತ್ತಿದ್ದಾಗಲೇ ಫೋನು ಆಫ್ ಆಗಬಹುದು. ನಿಮ್ಮದು ಮಾಮೂಲಿ ದಿನಗಳಲ್ಲೂ ಕ್ಯಾಮೆರಾ ತೆಗೆದಾಗ 35ರಿಂದ ಇದ್ದಕ್ಕಿದ್ದಂತೆ 10ಕ್ಕೆ ಬೀಳುತ್ತದಾ? ಹಾಗಿದ್ದರೆ ಅಪ್‌ಡೇಟಿಗೆ ಮೊದಲು ಬ್ಯಾಟರಿ ಬದಲಿಸಿ. ಇಲ್ಲದಿದ್ದರೆ 70ರವರೆಗೆ ಚಾರ್ಜ್ ಮಾಡಿ, ಆಮೇಲೂ ಚಾರ್ಜರ್ ಕೀಳದೆ ಶುರು ಮಾಡಿ. ಗೋಡೆಯ ಪ್ಲಗ್ಗಿಗೆ ಹಾಕಿದ, ಫೋನಿಗೆ ತಕ್ಕ ಚಾರ್ಜರ್ ಆಗಲಿ. ಲ್ಯಾಪ್‌ಟಾಪಿನ ಹಳೆಯ ಯುಎಸ್‌ಬಿಯಿಂದ ಬರುವ ಕರೆಂಟು ಸಾಲದೆ ಹೋಗಬಹುದು. ಕವರ್ ತೆಗೆದು ಮೇಜಿನ ಮೇಲಿಡಿ, ದಿಂಬಿನ ಕೆಳಗೆ ಬೇಡ. ತೀರಾ ಬಿಸಿಯಾದರೆ ಫೋನು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ರಾತ್ರಿ ಕರೆಂಟ್ ಹೋಗುವ ಊರಾದರೆ ಚಿಂತೆ ಬೇಡ, ಡೌನ್‌ಲೋಡ್ ಮಧ್ಯದಲ್ಲಿ ವೈಫೈ ಹೋದರೆ ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ. ಕಪ್ಪು ಸ್ಕ್ರೀನಿನ ಇನ್‌ಸ್ಟಾಲನ್ನು ಮಾತ್ರ ಹಗಲು ಹೊತ್ತು ಇಟ್ಟುಕೊಳ್ಳಿ.

ಜಾಗ ಆಯ್ತು, ಚಾರ್ಜ್ ಆಯ್ತು. ಈಗ ಮತ್ತೆ ಶುರು ಮಾಡುವುದು ಹೇಗೆ ಅಂದರೆ, ಮೊದಲು ಬೇಕಾದ ಫೋಟೋಗಳನ್ನು, ವಾಟ್ಸಾಪನ್ನು ಬ್ಯಾಕಪ್ ಮಾಡಿಕೊಳ್ಳಿ. ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ತಾರೀಖು, ಸಮಯ ಸರಿಯಾಗಿದೆಯಾ ನೋಡಿ. ತಮಾಷೆ ಅಲ್ಲ, ತಾರೀಖು ತಪ್ಪಿದ್ದರೆ ಅಪ್‌ಡೇಟ್ ಕಳಿಸುವ ಸರ್ವರ್ ಜೊತೆ ಫೋನಿಗೆ ಮಾತೇ ಆಗುವುದಿಲ್ಲ. ವಿಪಿಎನ್ ಇದ್ದರೆ ಆಫ್ ಮಾಡಿ. ಆಮೇಲೆ ಸೆಟ್ಟಿಂಗ್ಸಿನ "Software update" ಅಥವಾ "System update" ಪುಟಕ್ಕೆ ಹೋಗಿ. ಮೊದಲು ಇಳಿಸಿದ ಫೈಲನ್ನು ಅಳಿಸುವ ಅವಕಾಶ ಅಲ್ಲಿದ್ದರೆ ಅಳಿಸಿ, ಹೊಸದಾಗಿ ಇಳಿಸಿಕೊಳ್ಳಿ. ಅರ್ಧಂಬರ್ಧ ಇಳಿದ ಫೈಲು ಹಾಳಾಗಿದ್ದರೆ ಎಷ್ಟು ಸಲ ಇನ್‌ಸ್ಟಾಲ್ ಒತ್ತಿದರೂ ಅದೇ ಗತಿ. ಪಕ್ಕದವರ ಹಾಟ್‌ಸ್ಪಾಟಿಗಿಂತ ಗಟ್ಟಿಯಾದ ವೈಫೈ ಒಳ್ಳೆಯದು.

ಇನ್‌ಸ್ಟಾಲ್ ಮುಗಿದು ಫೋನು ಎದ್ದ ಮೇಲೆ ಒಂದೆರಡು ಗಂಟೆ ನಿಧಾನ ಇರುತ್ತದೆ, ಬಿಸಿಯೂ ಆಗುತ್ತದೆ. ತಾತ್ಕಾಲಿಕವಾಗಿ ಇಟ್ಟಿದ್ದನ್ನು ಅದರ ಜಾಗಕ್ಕೆ ಸೇರಿಸುವ ಕೆಲಸ ಒಳಗೆ ನಡೆಯುತ್ತಿರುತ್ತದೆ. ಅದನ್ನು ನೋಡಿ ಫೋನು ಕೆಟ್ಟಿತು ಅಂತ ಓಡಬೇಡಿ.

ಕಪ್ಪು ಸ್ಕ್ರೀನಿನಲ್ಲಿ ಎರಡು ಗಂಟೆ ಕಾದರೂ ಕದಲದಿದ್ದರೆ ಬಲವಂತದ ರೀಸ್ಟಾರ್ಟ್ ಮಾಡಬಹುದು. ಗ್ಯಾಲಕ್ಸಿ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ, ಸ್ಕ್ರೀನ್ ಆರಿ ಲೋಗೋ ಬರುವವರೆಗೆ ಒತ್ತಿ ಹಿಡಿಯಿರಿ. ಹತ್ತು ಸೆಕೆಂಡಿಗೂ ಜಾಸ್ತಿ ಬೇಕಾಗಬಹುದು. ಬೇರೆ ಎಷ್ಟೋ ಫೋನುಗಳಲ್ಲಿ ಪವರ್ ಬಟನ್ ಒಂದನ್ನೇ 30 ಸೆಕೆಂಡು ಹಿಡಿದರೆ ಸಾಕು.

ಆಮೇಲೆ ಬರುವ ಸ್ಕ್ರೀನನ್ನು ನಿಧಾನವಾಗಿ ಓದಿ. "Can't load Android system. Your data may be corrupt" ಅಂತ ಬಂದು, ಕೆಳಗೆ "Try again" ಮತ್ತು "Factory data reset" ಅಂತ ಎರಡು ಸಾಲು ಇದ್ದರೆ, "Try again" ಆರಿಸಿ. ಒಂದು ಸಲಕ್ಕೆ ಆಗದಿದ್ದರೆ ಎರಡು, ಮೂರು ಸಲ. ಎರಡನೆಯ ಸಾಲು ನಿಮ್ಮ ಎಲ್ಲವನ್ನೂ ಅಳಿಸುತ್ತದೆ. ಕೆಲವು ಫೋನುಗಳಲ್ಲಿ ಇನ್ನೂ ಉದ್ದದ ಮೆನು ಬರುತ್ತದೆ. ಅದರಲ್ಲಿ "Reboot system now" ಒತ್ತಲು ಹೆದರಬೇಕಿಲ್ಲ. "Wipe cache partition" ಇದ್ದರೆ ಅದನ್ನೂ ಮಾಡಬಹುದು, ಫೋಟೋ ಹೋಗುವುದಿಲ್ಲ. ಅದರ ಪಕ್ಕದಲ್ಲೇ "Wipe data/factory reset" ಇರುತ್ತದೆ. ಈ ಮೆನುವಿನಲ್ಲಿ ಸಾಮಾನ್ಯವಾಗಿ ವಾಲ್ಯೂಮ್ ಬಟನ್ನಿನಿಂದ ಮೇಲೆ ಕೆಳಗೆ ಹೋಗಬೇಕು, ಬೆರಳು ಒಂದು ಸಲ ಜಾಸ್ತಿ ಒತ್ತಿದರೆ ಅಲ್ಲಿಗೇ ಹೋಗಿ ನಿಲ್ಲುತ್ತೀರಿ. ಪವರ್ ಒತ್ತುವ ಮುಂಚೆ ಬಣ್ಣ ಬಂದಿರುವ ಸಾಲನ್ನು ಇನ್ನೊಮ್ಮೆ ಓದಿ.

ಮನೆಯಲ್ಲಿ ಯಾರದಾದರೂ ಐಫೋನ್ ಇದ್ದರೆ ಅವರಿಗೂ ಒಂದು ಮಾತು. ಸೆಟ್ಟಿಂಗ್ಸಿನ "General", "iPhone Storage" ಪಟ್ಟಿಯಲ್ಲಿ ಇಳಿಸಿದ ಅಪ್‌ಡೇಟ್ ಫೈಲು ಕಾಣುತ್ತದೆ. ಅದನ್ನು ಅಳಿಸಿ ಮತ್ತೆ ಇಳಿಸಿದರೆ ಬಹಳ ಸಲ ಸರಿಹೋಗುತ್ತದೆ. ಜಾಗ ತೀರಾ ಕಡಿಮೆ ಇದ್ದರೆ ಕಂಪ್ಯೂಟರಿಗೆ ಜೋಡಿಸಿ ಅಪ್‌ಡೇಟ್ ಮಾಡಬಹುದು, ಆಗ ಫೋನಿನಲ್ಲಿ ಅಷ್ಟು ಜಾಗ ಬೇಕಾಗುವುದಿಲ್ಲ. ಕಂಪ್ಯೂಟರ್ "Update", "Restore" ಎರಡನ್ನೂ ತೋರಿಸಿದರೆ "Update" ಒತ್ತಿ. ಇನ್ನೊಂದು ಎಲ್ಲ ಅಳಿಸುತ್ತದೆ.

ನಿಮ್ಮ 60 ಕಿಲೋಮೀಟರ್ ಪ್ರಯಾಣ ಯಾವಾಗ ಬೇಕೇಬೇಕು ಅಂದರೆ, ಫೋನು ಕಂಪನಿಯ ಲೋಗೋ ತೋರಿಸಿ ಆರಿ, ಮತ್ತೆ ಲೋಗೋ ತೋರಿಸಿ ಆರುತ್ತಾ ಇದ್ದರೆ. ಅಥವಾ 10 ಜಿಬಿ ಖಾಲಿ ಇದ್ದು, ಫೈಲನ್ನೂ ಹೊಸದಾಗಿ ಇಳಿಸಿದ್ದರೂ ಪ್ರತಿ ಸಲ ಅದೇ ಪರ್ಸೆಂಟಿನಲ್ಲಿ ಸೋಲುತ್ತಿದ್ದರೆ. ಜೊತೆಗೆ ಫೋಟೋ ಕಾಪಿ ಮಾಡುವಾಗ ಅಂಟಿಕೊಳ್ಳುವುದು, ಆಪುಗಳು ತಾವಾಗಿ ಮುಚ್ಚಿಹೋಗುವುದು ಇದ್ದರೆ ಒಳಗಿನ ಮೆಮೊರಿ ಚಿಪ್ಪೇ ಸೋತಿರಬಹುದು, ಅದು ಮನೆಯ ಕೆಲಸವಲ್ಲ. ಇನ್ನೊಂದು ಸಾಧ್ಯತೆ, ಫೋನು ಸೆಕೆಂಡ್ ಹ್ಯಾಂಡ್ ಆಗಿದ್ದು, ಆನ್ ಆಗುವಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಅನ್ನುವ ಎಚ್ಚರಿಕೆ ಬರುತ್ತಿದ್ದರೆ ಹಿಂದೆ ಯಾರೋ ಅದರ ಸಾಫ್ಟ್‌ವೇರನ್ನು ತಿದ್ದಿರಬಹುದು. ಅಪ್‌ಡೇಟ್ ಹಳೆಯ ಸಾಫ್ಟ್‌ವೇರು ಇದ್ದ ಹಾಗೇ ಇದೆಯಾ ಅಂತ ತಾಳೆ ನೋಡುತ್ತದೆ, ಬೇರೆ ಕಂಡರೆ ಮುಂದೆ ಹೋಗುವುದಿಲ್ಲ.

ಹೋಗುವುದೇ ಆದರೆ ಬಿಲ್ಲು ಇಟ್ಟುಕೊಳ್ಳಿ, ಸಿಮ್ ಮತ್ತು ಮೆಮೊರಿ ಕಾರ್ಡನ್ನು ಫೋನಿನಿಂದ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿರುವ ಗೂಗಲ್ ಅಕೌಂಟಿನ ಪಾಸ್‌ವರ್ಡ್ ನೆನಪಿದೆಯಾ ಅಂತ ಹೊರಡುವ ಮುಂಚೆಯೇ ಬೇರೆ ಫೋನಿನಲ್ಲಿ ಲಾಗಿನ್ ಮಾಡಿ ನೋಡಿ. ಮೆನುವಿನಿಂದ ರೀಸೆಟ್ ಮಾಡಿದ ಫೋನು ಆನ್ ಆದಾಗ ಹಳೆಯ ಅಕೌಂಟನ್ನೇ ಕೇಳುತ್ತದೆ, ಗೊತ್ತಿಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಕೌಂಟರಿನಲ್ಲಿ "ಸಾಫ್ಟ್‌ವೇರ್ ಹಾಕಬೇಕು" ಅಂದರೆ ಡೇಟಾ ಉಳಿಯುತ್ತದಾ ಹೋಗುತ್ತದಾ ಅಂತ ಕೇಳಿ. ಅವರ ಉತ್ತರವನ್ನು ಜಾಬ್ ಶೀಟಿನಲ್ಲಿ ಬರೆಸಿಕೊಂಡ ಮೇಲೆ ಸಹಿ ಹಾಕಿ.